ಟೀವಿಗೆ ಜಾಮೀನು ನಿಲ್ಲುವ ಗೋಡೆ

ಮೂವತ್ತು ವರ್ಷಗಳ ಹಿಂದೆ ಟೀವಿ ಎಂದರೆ ಶೋಕೇಸಿನ ಒಳಗೆ ಕೂರುವ ಡಬ್ಬಿ. 21 ಇಂಚಿನದಾದರೆ ಇಬ್ಬರು ಹಿಡಿದು ಎತ್ತಬೇಕಿತ್ತು. ಅಷ್ಟು ಭಾರವನ್ನು ಮೇಜು ಹೊತ್ತಿರುತ್ತಿತ್ತು. ಗೋಡೆಗೆ ಯಾವ ಜವಾಬ್ದಾರಿಯೂ ಇರಲಿಲ್ಲ. ಈಗಿನ 43 ಇಂಚಿನ ಟೀವಿ ಹತ್ತು ಕಿಲೋ ಅಕ್ಕಿ ಚೀಲದಷ್ಟು ತೂಗಿದರೆ ಹೆಚ್ಚು. ಒಬ್ಬರೇ ಎತ್ತಿಬಿಡಬಹುದು. ಆದರೆ ಅದು ಮೇಜು ಬಿಟ್ಟು ಗೋಡೆ ಏರಿ ಕುಳಿತಿದೆ. ಅದರ ಕೆಳಗೆ ಮಕ್ಕಳು ಬಣ್ಣದ ಪೆನ್ಸಿಲ್ ಹರಡಿಕೊಂಡು ಕೂತಿರುತ್ತಾರೆ, ಪಕ್ಕದಲ್ಲಿ ಅಜ್ಜಿಯ ಕುರ್ಚಿ ಇರುತ್ತದೆ. ಅದನ್ನು ಹಿಡಿದಿರುವುದು ನಾಲ್ಕು ಸ್ಕ್ರೂ ಮತ್ತು ಆ ಸ್ಕ್ರೂ ಕೂತಿರುವ ಗೋಡೆ.

ಬ್ಯಾಂಕಿನಲ್ಲಿ ಸಾಲ ಕೊಡುವಾಗ ಸಾಲಗಾರನಷ್ಟೇ ಜಾಮೀನುದಾರನನ್ನೂ ವಿಚಾರಿಸುತ್ತಿದ್ದೆವು. ಟೀವಿ ಕೊಳ್ಳುವಾಗ ನಾವು ಅದರ ಬಣ್ಣ, ಧ್ವನಿ, ಬೆಲೆ ಎಲ್ಲವನ್ನೂ ವಿಚಾರಿಸುತ್ತೇವೆ. ಜಾಮೀನು ನಿಲ್ಲುವ ಗೋಡೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಅಂಗಡಿಯಲ್ಲಿ ಸಿಗುವ ಗೋಡೆ ಸ್ಟ್ಯಾಂಡುಗಳು ಮೂರು ಬಗೆ. ಮೊದಲನೆಯದು ಅಲುಗಾಡದ್ದು, ಫಿಕ್ಸೆಡ್. ಗೋಡೆಗೆ ಒಂದು ಕಬ್ಬಿಣದ ಪಟ್ಟಿ, ಟೀವಿಯ ಬೆನ್ನಿಗೆ ಎರಡು ಕೊಂಡಿ, ತಂದು ನೇತುಹಾಕಿದರೆ ಮುಗಿಯಿತು. ಟೀವಿ ಗೋಡೆಗೆ ಹೆಚ್ಚುಕಡಿಮೆ ಅಂಟಿಕೊಂಡಂತೆ ಇರುತ್ತದೆ. ಎರಡನೆಯದು ಬಾಗುವುದು, ಟಿಲ್ಟ್. ಇದರಲ್ಲಿ ಟೀವಿಯ ಮುಖವನ್ನು ಸ್ವಲ್ಪ ಕೆಳಕ್ಕೆ ಬಗ್ಗಿಸಬಹುದು, ನಮ್ಮ ಹಿರಿಯರು ಕನ್ನಡಕದ ಮೇಲಿಂದ ಕೆಳಗೆ ನೋಡುವ ಹಾಗೆ. ಮೂರನೆಯದು ಕೈ ಇರುವಂಥದ್ದು, ಫುಲ್ ಮೋಷನ್. ಮಡಚುವ ಕೈಯ ತುದಿಯಲ್ಲಿ ಟೀವಿ ಕೂರುತ್ತದೆ. ಮುಂದಕ್ಕೆ ಎಳೆಯಬಹುದು, ಎಡಕ್ಕೆ ಬಲಕ್ಕೆ ತಿರುಗಿಸಬಹುದು. ಅಡುಗೆಮನೆಯಲ್ಲಿ ಹುಳಿ ಕುದಿಸುತ್ತಲೇ ಧಾರಾವಾಹಿ ನೋಡಬಹುದು ಎಂಬುದು ಇದರ ಆಕರ್ಷಣೆ.

ಮೂರೂ ಹೊರುವುದು ಅದೇ ಟೀವಿಯನ್ನು. ಹಾಗಾದರೆ ಗೋಡೆಯ ಮೇಲೆ ಬೀಳುವ ಕಷ್ಟವೂ ಒಂದೇ ಅಲ್ಲವೇ? ಅಲ್ಲ. ಮಕ್ಕಳೇ, ನಿಮ್ಮ ಶಾಲೆಯ ಚೀಲವನ್ನು ತನ್ನಿ. ಎರಡೂ ಕೈಯಲ್ಲಿ ಎದೆಗೆ ಅವುಚಿ ಹಿಡಿದುಕೊಳ್ಳಿ. ಐದು ನಿಮಿಷ ನಿಲ್ಲಬಹುದು. ಈಗ ಕೈ ನೀಳ ಚಾಚಿ ಅದೇ ಚೀಲವನ್ನು ಹಿಡಿಯಿರಿ. ಅರ್ಧ ನಿಮಿಷದಲ್ಲಿ ಭುಜ ನೋಯತೊಡಗುತ್ತದೆ. ಚೀಲದ ತೂಕ ಒಂದು ಗ್ರಾಂ ಕೂಡ ಹೆಚ್ಚಿಲ್ಲ, ಹೆಚ್ಚಿದ್ದು ಅದು ನಿಮ್ಮಿಂದ ಇರುವ ದೂರ.

ಗೋಡೆಯ ಸ್ಟ್ಯಾಂಡಿಗೂ ಇದೇ ಆಗುತ್ತದೆ. ಟೀವಿಯ ಭಾರ ಸ್ಕ್ರೂಗಳನ್ನು ಕೆಳಕ್ಕೆ ಒತ್ತುತ್ತದೆ. ಅದನ್ನು ಸ್ಕ್ರೂಗಳು ಸುಲಭವಾಗಿ ತಡೆಯುತ್ತವೆ. ಆದರೆ ಟೀವಿ ಗೋಡೆಯಿಂದ ಮುಂದಕ್ಕೆ ಇರುವುದರಿಂದ ಇಡೀ ಪಟ್ಟಿ ತನ್ನ ಕೆಳ ಅಂಚನ್ನು ಊರಿಕೊಂಡು ಮುಂದಕ್ಕೆ ಮಗುಚಲು ನೋಡುತ್ತದೆ. ಆಗ ಮೇಲಿನ ಸ್ಕ್ರೂಗಳು ಗೋಡೆಯಿಂದ ಹೊರಕ್ಕೆ ಎಳೆಯಲ್ಪಡುತ್ತವೆ. ಸ್ಟ್ಯಾಂಡು ಕಿತ್ತುಬರುವುದು ಸಾಮಾನ್ಯವಾಗಿ ಹೀಗೇ, ಮೇಲಿನಿಂದ.

ಎಷ್ಟು ಎಳೆತ ಎಂದು ಲೆಕ್ಕ ಹಾಕಬಹುದು. ಐದನೇ ತರಗತಿಯ ಗುಣಾಕಾರ ಭಾಗಾಕಾರ ಸಾಕು. ಟೀವಿಯ ತೂಕವನ್ನು ಅದು ಗೋಡೆಯಿಂದ ಇರುವ ದೂರದಿಂದ ಗುಣಿಸಿ, ಪಟ್ಟಿಯ ಮೇಲಿನ ಮತ್ತು ಕೆಳಗಿನ ಸ್ಕ್ರೂಗಳ ನಡುವಿನ ಎತ್ತರದಿಂದ ಭಾಗಿಸಿ. ನಮ್ಮ ಟೀವಿ 9 ಕಿಲೋ, ಪಟ್ಟಿಯ ಸ್ಕ್ರೂಗಳ ನಡುವೆ 20 ಸೆಂಟಿಮೀಟರ್ ಎಂದುಕೊಳ್ಳೋಣ. ಫಿಕ್ಸೆಡ್ ಸ್ಟ್ಯಾಂಡಿನಲ್ಲಿ ಟೀವಿಯ ನಡುಭಾಗ ಗೋಡೆಯಿಂದ 6 ಸೆಂಟಿಮೀಟರ್ ಮುಂದಿದ್ದರೆ, 9ನ್ನು 6ರಿಂದ ಗುಣಿಸಿ 20ರಿಂದ ಭಾಗಿಸಿದಾಗ ಬರುವುದು ಮೂರು ಕಿಲೋಗೂ ಕಡಿಮೆ. ಅದೇ ಟೀವಿಯನ್ನು ಕೈಯ ತುದಿಗೆ ಹಾಕಿ 45 ಸೆಂಟಿಮೀಟರ್ ಮುಂದಕ್ಕೆ ಎಳೆದರೆ ಎಳೆತ 20 ಕಿಲೋ ದಾಟುತ್ತದೆ. ಸ್ಟ್ಯಾಂಡಿನ ಕೈಗೂ ತೂಕವಿದೆ; ಅದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಇನ್ನೊಂದು ಸಾಲು ಬರೆಯಲೇಬೇಕು. 25 ಕಿಲೋ ತೂಕದ ಹುಡುಗನೊಬ್ಬ ಚಾಚಿದ ಟೀವಿಯ ಅಂಚು ಹಿಡಿದು ಜೋತುಬಿದ್ದ ಎನ್ನಿ. ಅವನೊಬ್ಬನಿಂದಲೇ 25 ಗುಣಿಸು 45 ಭಾಗಿಸು 20, ಅಂದರೆ 56 ಕಿಲೋ. ಟೀವಿಯದೂ ಸೇರಿದರೆ 76. ಹತ್ತು ಕಿಲೋ ಅಕ್ಕಿ ಚೀಲ ಎಂದು ನಾವು ಅಂದುಕೊಂಡದ್ದು ಮೇಲಿನ ಎರಡು ಸ್ಕ್ರೂಗಳ ಪಾಲಿಗೆ ಒಬ್ಬ ದೊಡ್ಡ ಆಳು ಜಗ್ಗಿದ ಹಾಗೆ. ಅದಕ್ಕೇ ಕೈ ಇರುವ ಸ್ಟ್ಯಾಂಡನ್ನು ನೋಡಿ ಮುಗಿದ ಮೇಲೆ ಗೋಡೆಗೆ ಮಡಚಿಡಬೇಕು. ಎಷ್ಟು ಜನ ಮಡಚುತ್ತಾರೋ!

ಈಗ ಗೋಡೆಗೆ ಬರೋಣ. ಗೋಡೆ ಯಾವುದರದ್ದು ಎಂದು ತಿಳಿಯಲು ಮೊದಲು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಇಟ್ಟಿಗೆ ಗೋಡೆ ಸದ್ದು ಮಾಡುವುದಿಲ್ಲ, ನಿಮ್ಮ ಗೆಣ್ಣು ನೋಯುತ್ತದೆ ಅಷ್ಟೆ. ಪಾರ್ಟಿಷನ್ ಗೋಡೆ ಖಾಲಿ ಡಬ್ಬದಂತೆ ಡಬ್ ಡಬ್ ಎನ್ನುತ್ತದೆ. ಅದಕ್ಕಿಂತ ಒಳ್ಳೆಯ ಸಾಕ್ಷಿ ಡ್ರಿಲ್ಲಿಂಗ್ ಮಷೀನಿನಿಂದ ಬೀಳುವ ಪುಡಿ. ಮೊದಲು ಬೂದು ಬಣ್ಣದ ಪುಡಿ, ಆಮೇಲೆ ಕೆಂಪು ಪುಡಿ ಬಂದರೆ ಗಿಲಾವು ದಾಟಿ ಇಟ್ಟಿಗೆಗೆ ಹೋಗಿದ್ದೀರಿ ಎಂದರ್ಥ. ಬೂದು ಪುಡಿಯೇ ಬರುತ್ತಿದ್ದು ಮಷೀನು ಮುಂದಕ್ಕೆ ಹೋಗಲು ಹಠ ಮಾಡಿದರೆ ಅದು ಕಾಂಕ್ರೀಟಿನ ಕಂಬ ಅಥವಾ ತೊಲೆ. ಮೆತ್ತಗೆ ಬೆಣ್ಣೆಯಲ್ಲಿ ಹೋದಂತೆ ಹೋಗಿ ಹಿಟ್ಟಿನಂಥ ತಿಳಿಬೂದು ಪುಡಿ ಬಂದರೆ, ಈಗಿನ ಅಪಾರ್ಟ್‌ಮೆಂಟುಗಳಲ್ಲಿ ಬಳಸುವ ಹಗುರ ಬ್ಲಾಕು ಇರಬಹುದು. ಅದಕ್ಕೆಂದೇ ಉದ್ದನೆಯ, ಅಗಲ ಹಲ್ಲಿನ ಪ್ಲಗ್ ಸಿಗುತ್ತದೆ. ಮಾಮೂಲಿನದು ಅಲ್ಲಿ ಗಿರಗಿರನೆ ಸುತ್ತುತ್ತದೆ. ಇನ್ನು ಅರ್ಧ ಇಂಚು ಬಿಳಿ ಪುಡಿ ಬಂದು ಮಷೀನು ತಟ್ಟನೆ ಒಳಕ್ಕೆ ಮುಗ್ಗರಿಸಿತೋ, ಅದು ಜಿಪ್ಸಂ ಹಲಗೆ. ಹಿಂದೆ ಬರೀ ಗಾಳಿ.

ಇಟ್ಟಿಗೆ ಗೋಡೆ ಒಳ್ಳೆಯ ಜಾಮೀನುದಾರ. ಆದರೂ ಎರಡು ಕಡೆ ಅದು ಕೈಕೊಡುತ್ತದೆ.

ಒಂದು ಗಿಲಾವು. ಗೋಡೆಯ ಮೇಲೆ ನಮಗೆ ಕಾಣುವ ಸಿಮೆಂಟಿನ ಪದರ ಸುಮಾರು ಅರ್ಧ ಇಂಚು ದಪ್ಪ. ಹಳೆಯ ಮನೆಗಳಲ್ಲಿ ಇನ್ನೂ ಹೆಚ್ಚು. ಇದು ಗೋಡೆಯ ಅಂಗಿ ಇದ್ದ ಹಾಗೆ. ಅಂಗಿ ಹಿಡಿದು ಎಳೆದರೆ ಅಂಗಿ ಹರಿಯುತ್ತದೆ. ಆದ್ದರಿಂದ ಪ್ಲಗ್ಗಿನ ಪೂರ್ತಿ ಉದ್ದ ಇಟ್ಟಿಗೆಯ ಒಳಗೇ ಇರಬೇಕು. 50 ಮಿಲಿಮೀಟರಿನ ಪ್ಲಗ್ ಎಂದರೆ ಗಿಲಾವಿನ ದಪ್ಪ, ಪ್ಲಗ್ಗಿನ ಉದ್ದ, ಪುಡಿ ತಂಗಲು ಇನ್ನೊಂದು 10 ಮಿಲಿಮೀಟರ್, ಇಷ್ಟನ್ನೂ ಕೂಡಿಸಿದ ಆಳದ ತೂತು ಬೇಕು. ಸ್ಕ್ರೂ ಕೂಡ ಪ್ಲಗ್ಗಿನ ತುದಿಯವರೆಗೆ ಹೋಗುವಷ್ಟು ಉದ್ದವಿರಬೇಕು. ಸ್ಟ್ಯಾಂಡಿನ ಡಬ್ಬಿಯಲ್ಲಿ ಬಂದ ಸ್ಕ್ರೂ ನಮ್ಮ ಹಳೇ ಮನೆಯ ದಪ್ಪ ಗಿಲಾವಿಗೆ ಸಾಕಾಗುವುದಿಲ್ಲ; ಹಾರ್ಡ್‌ವೇರ್ ಅಂಗಡಿಯಿಂದ ಉದ್ದನೆಯವನ್ನು ಬೇರೆ ತರುವುದು ಮೇಲು.

ಎರಡನೆಯದು ಸಂದು. ಇಟ್ಟಿಗೆಗೂ ಇಟ್ಟಿಗೆಗೂ ನಡುವೆ ಗಾರೆ ಇರುತ್ತದೆ. ಗಿಲಾವು ಮುಚ್ಚಿರುವುದರಿಂದ ಅದು ಎಲ್ಲಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ತೂತು ಸಂದಿಗೆ ಬಿದ್ದರೆ ಮಷೀನು ಬೇಗ ಬೇಗ ಒಳಗೆ ಹೋಗುತ್ತದೆ, ಕೆಂಪು ಪುಡಿಯ ಬದಲು ಮರಳು ಉದುರುತ್ತದೆ. ಹಾಗಾದಾಗ ಆ ತೂತನ್ನು ಬಿಟ್ಟು ಒಂದೆರಡು ಇಂಚು ಮೇಲೋ ಕೆಳಗೋ ಪಕ್ಕಕ್ಕೋ ಹೊಸದು ಹಾಕಬೇಕು. ಸ್ಟ್ಯಾಂಡಿನ ಪಟ್ಟಿಯಲ್ಲಿ ನಾಲ್ಕೇ ಸ್ಕ್ರೂ ಸಾಕಾದರೂ ಹತ್ತಾರು ತೂತು ಕೊಟ್ಟಿರುವುದು ಇದಕ್ಕೇ. ಕೆಲವರು ಸಡಿಲ ತೂತಿಗೆ ಬೆಂಕಿಕಡ್ಡಿ ತುರುಕಿ ಬಿಗಿ ಮಾಡಿ ಹೋಗುತ್ತಾರೆ. ದೇವರ ಪಟಕ್ಕಾದರೆ ಆದೀತು, ಟೀವಿಗೆ ಬೇಡವೇ ಬೇಡ.

ತೂತು ಹಾಕಿದ ಮೇಲೆ ಒಳಗಿನ ಪುಡಿಯನ್ನು ಸೈಕಲ್ ಪಂಪಿನಿಂದ ಊದಿ ತೆಗೆಯಬೇಕು. ಊದುವಾಗ ಕಣ್ಣಿಗೆ ಕನ್ನಡಕವಿರಲಿ, ಮಕ್ಕಳು ಪಕ್ಕದ ಕೋಣೆಯಲ್ಲಿರಲಿ. ಪುಡಿ ಒಳಗೇ ಉಳಿದರೆ ಪ್ಲಗ್ ಇಟ್ಟಿಗೆಯನ್ನು ಹಿಡಿಯದೆ ಪುಡಿಯನ್ನು ಹಿಡಿದು ಕೂರುತ್ತದೆ. ಒಳ್ಳೆಯ ತೂತಿಗೆ ಪ್ಲಗ್ ಬೆರಳಲ್ಲಿ ಒತ್ತಿದರೆ ಹೋಗದು, ಸುತ್ತಿಗೆಯಿಂದ ಮೆಲ್ಲಗೆ ನಾಲ್ಕು ಏಟು ಬೇಕು. ಸ್ಕ್ರೂ ತಿರುಗಿಸುವಾಗ ಕೊನೆಯ ಸುತ್ತುಗಳು ಕಷ್ಟವಾಗುತ್ತಾ ಬರಬೇಕು. ಸರಾಗವಾಗಿ ತಿರುಗುತ್ತಲೇ ಇದ್ದರೆ ಆ ತೂತು ಸತ್ತಿದೆ. ಇನ್ನೊಂದು ಮಾತು: ಒಳಗೇ ಹಿಗ್ಗಿ ಬಿಗಿಯುವ ಕಬ್ಬಿಣದ ಬೋಲ್ಟುಗಳು ಕಾಂಕ್ರೀಟಿಗೆ ಬಹಳ ಚೆನ್ನ. ಆದರೆ ಮೆದು ಇಟ್ಟಿಗೆಯಲ್ಲಿ ಅವನ್ನು ಬಲವಾಗಿ ಬಿಗಿದರೆ ಇಟ್ಟಿಗೆಯೇ ಸೀಳುತ್ತದೆ. ಇಟ್ಟಿಗೆಗೆ ನೈಲಾನ್ ಪ್ಲಗ್ಗೇ ಒಳ್ಳೆಯ ಸಂಗಾತಿ. ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ ತೂತು ಹಾಕಬಾರದು, ಗೋಡೆಯೊಳಗಿನ ವೈರು ಸಾಮಾನ್ಯವಾಗಿ ಆ ದಾರಿಯಲ್ಲೇ ಇಳಿದಿರುತ್ತದೆ. ಗೋಡೆಯ ಆಚೆ ಬಚ್ಚಲುಮನೆ ಇದ್ದರೆ ನೀರಿನ ಪೈಪು ಎಲ್ಲಿದೆ ಎಂದೂ ವಿಚಾರಿಸಬೇಕು.

ಇಷ್ಟು ಮಾಡಿದರೆ ಇಟ್ಟಿಗೆ ಗೋಡೆ ಮೂರು ಬಗೆಯ ಸ್ಟ್ಯಾಂಡನ್ನೂ ಹೊರುತ್ತದೆ. ಪಾರ್ಟಿಷನ್ ಗೋಡೆಯ ಕಥೆ ಬೇರೆ. ಅದನ್ನು ಒಂದು ಮನೆಯಲ್ಲಿ ನಡೆದದ್ದರ ಮೂಲಕವೇ ಹೇಳುತ್ತೇನೆ.

ನನ್ನ ಪರಿಚಯದ ಒಂದು ಕುಟುಂಬ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದೆ. ಮಗ ಮನೆಯಿಂದಲೇ ಕಚೇರಿ ಕೆಲಸ ಮಾಡಲು ಬೇಕೆಂದು ಹಾಲಿನ ಒಂದು ಭಾಗಕ್ಕೆ ಅಡ್ಡಗೋಡೆ ಹಾಕಿಸಿ ಕೋಣೆ ಮಾಡಿಸಿದ್ದರು. ತಗಡಿನ ಕಂಬಗಳು, ಎರಡೂ ಕಡೆ ಜಿಪ್ಸಂ ಹಲಗೆ, ಮೇಲೆ ಬಣ್ಣ. ನೋಡಲು ಪಕ್ಕದ ಗೋಡೆಗೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಊಟದ ಮೇಜಿನಿಂದಲೂ ಅಜ್ಜಿಗೆ ಕಾಣಲಿ ಎಂದು ಕೈ ಇರುವ ಸ್ಟ್ಯಾಂಡನ್ನು ಅದಕ್ಕೇ ಹಾಕಿಸಿದರು. ಬಂದ ಕೆಲಸಗಾರ ಡಬ್ಬಿಯಲ್ಲಿದ್ದ ಪ್ಲಗ್ಗುಗಳನ್ನೇ ಹೊಡೆದು ಹತ್ತು ನಿಮಿಷದಲ್ಲಿ ಮುಗಿಸಿ ಹೋದ.

ಆ ಪ್ಲಗ್ ಮಾಡಿರುವುದು ಇಟ್ಟಿಗೆಗೆ. ಎರಡು ಇಂಚು ಉದ್ದದ ಅದಕ್ಕೆ ಹಿಡಿಯಲು ಸಿಕ್ಕಿದ್ದು ಅರ್ಧ ಇಂಚು ಹಲಗೆ. ಉಳಿದ ಒಂದೂವರೆ ಇಂಚು ಗಾಳಿಯಲ್ಲಿ ತೇಲುತ್ತಿತ್ತು. ಜಿಪ್ಸಂ ಹಲಗೆ ಎಂದರೆ ಎರಡು ಕಾಗದದ ನಡುವೆ ಗಟ್ಟಿಯಾದ ಸುಣ್ಣದಂಥ ಪದಾರ್ಥ. ಎಳೆತ ಬಿದ್ದಾಗ ತೂತಿನ ಅಂಚು ಪುಡಿಯಾಗುತ್ತಾ ಹೋಗುತ್ತದೆ. ಒಂದೇ ದಿನ ಬೀಳುವುದಿಲ್ಲ. ಪ್ರತಿ ಸಲ ಕೈ ಚಾಚಿದಾಗ, ತಿರುಗಿಸಿದಾಗ, ಸ್ವಲ್ಪ ಸ್ವಲ್ಪವೇ.

ಕಂಡುಹಿಡಿದದ್ದು ಆ ಮನೆಯ ನಾಲ್ಕನೇ ತರಗತಿಯ ಮೊಮ್ಮಗಳು. ಟೀವಿಯ ಕೆಳಗೆ ನೆಲದ ಮೇಲೆ ದಿನವೂ ಚಿಟಿಕೆ ಬಿಳಿ ಪುಡಿ ಬಿದ್ದಿರುತ್ತಿತ್ತಂತೆ. "ಅಜ್ಜಿ, ನೀವು ಇಲ್ಲಿ ರಂಗೋಲಿ ಹಾಕ್ತೀರಾ?" ಎಂದು ಕೇಳಿದಳು. ಅಜ್ಜಿ ಮೇಲೆ ನೋಡಿದರೆ ಪಟ್ಟಿಯ ಮೇಲಿನ ಅಂಚು ಗೋಡೆ ಬಿಟ್ಟಿತ್ತು. ಒಂದು ವಿಸಿಟಿಂಗ್ ಕಾರ್ಡು ಆ ಸಂದಿನಲ್ಲಿ ಸಲೀಸಾಗಿ ಇಳಿಯಿತು. ಕೆಳ ಅಂಚಿನಲ್ಲಿ ಮಾತ್ರ ಕಾರ್ಡು ಹೋಗಲೇ ಇಲ್ಲ. ಪಟ್ಟಿ ಮಗುಚಿಕೊಳ್ಳುತ್ತಿದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ. ಅವತ್ತೇ ಟೀವಿಯನ್ನು ಇಳಿಸಿ ಮಂಚದ ಮೇಲೆ ಮಲಗಿಸಿದರು.

ಆಮೇಲೆ ಕರೆಸಿದ ಬಡಗಿ ಅನುಭವಸ್ಥ. ಮಷೀನು ಮುಟ್ಟುವ ಮೊದಲು ಆತ ಫ್ರಿಜ್ಜಿನ ಬಾಗಿಲಿನಿಂದ ಒಂದು ಮ್ಯಾಗ್ನೆಟ್ ತೆಗೆದು ಮೊಮ್ಮಗಳ ಕೈಗೆ ಕೊಟ್ಟ. ಗೋಡೆಯ ಮೇಲೆ ನಿಧಾನವಾಗಿ ಓಡಿಸು, ಎಲ್ಲಿ ಹಿಡಿಯುತ್ತದೋ ಅಲ್ಲಿ ಪೆನ್ಸಿಲಿನಲ್ಲಿ ಚುಕ್ಕೆ ಇಡು ಎಂದ. ಜಿಪ್ಸಂ ಹಲಗೆಯನ್ನು ತಗಡಿನ ಕಂಬಕ್ಕೆ ಕೂರಿಸಿರುವ ಸ್ಕ್ರೂಗಳ ತಲೆ ಬಣ್ಣದ ಅಡಿಯಲ್ಲಿ ಇರುತ್ತದಲ್ಲ, ಮ್ಯಾಗ್ನೆಟ್ ಅಲ್ಲಿ ಅಂಟುತ್ತದೆ. ಚುಕ್ಕೆಗಳು ಒಂದರ ಕೆಳಗೊಂದು ಬಂದು ಮೂರು ನೇರ ಸಾಲುಗಳಾದವು. ಸಾಲಿನಿಂದ ಸಾಲಿಗೆ ಎರಡು ಅಡಿ. ಕಂಬಗಳು ಅಲ್ಲಿದ್ದವು.

ತೊಡಕು ಇಲ್ಲೇ ಇದೆ. ಕಂಬಗಳ ನಡುವೆ ಎರಡು ಅಡಿ, ಸ್ಟ್ಯಾಂಡಿನ ಪಟ್ಟಿ ಒಂದು ಅಡಿಗಿಂತ ಸ್ವಲ್ಪ ಹೆಚ್ಚು. ಎರಡು ಕಂಬವನ್ನು ಒಟ್ಟಿಗೆ ಹಿಡಿಯಲು ಅದಕ್ಕೆ ಆಗುವುದೇ ಇಲ್ಲ. ಒಂದೇ ಕಂಬಕ್ಕೆ ನೇರ ಬಿಗಿದರೆ? ಆ ಕಂಬದ ತಗಡು ಅರ್ಧ ಮಿಲಿಮೀಟರ್ ದಪ್ಪ ಇದ್ದರೆ ಹೆಚ್ಚು. ಡಾಲ್ಡಾ ಡಬ್ಬದ ತಗಡು ಎನ್ನಿ. ನಾಲ್ಕು ಸ್ಕ್ರೂಗಳ ಎಳೆತಕ್ಕೆ ತೂತು ಅಗಲವಾಗಿಬಿಡುತ್ತದೆ. ಹಲಗೆಯ ಹಿಂದೆ ಹೋಗಿ ರೆಕ್ಕೆ ಬಿಚ್ಚಿಕೊಳ್ಳುವ ಚಿಟ್ಟೆ ಬೋಲ್ಟು ಎಂಬುದೊಂದಿದೆ. ಅದು ಭಾರವನ್ನು ಹಲಗೆಯ ಹೆಚ್ಚು ಜಾಗಕ್ಕೆ ಹಂಚುತ್ತದೆ. ಸಣ್ಣ ಟೀವಿ, ಗೋಡೆಗಂಟಿದ ಫಿಕ್ಸೆಡ್ ಸ್ಟ್ಯಾಂಡು ಆದರೆ, ಬೋಲ್ಟಿನ ಪೊಟ್ಟಣದ ಮೇಲೆ ಬರೆದ ಮಿತಿಯೊಳಗೆ ಅದು ನಡೆಯುತ್ತದೆ. ಕೈ ಇರುವ ಸ್ಟ್ಯಾಂಡಿಗೆ ನಡೆಯದು, ಏಕೆಂದರೆ ಬೋಲ್ಟು ಗಟ್ಟಿಯಾಗಿದ್ದರೂ ಹಲಗೆ ಗಟ್ಟಿಯಿಲ್ಲ.

ಬಡಗಿ ಮಾಡಿದ್ದು ಇಷ್ಟು. 19 ಮಿಲಿಮೀಟರ್ ದಪ್ಪದ ಪ್ಲೈವುಡ್ಡನ್ನು ನಾಲ್ಕೂವರೆ ಅಡಿ ಉದ್ದ, ಒಂದೂವರೆ ಅಡಿ ಎತ್ತರಕ್ಕೆ ಕತ್ತರಿಸಿದ. ಸ್ಟ್ಯಾಂಡಿನ ಪಟ್ಟಿಯನ್ನು ಅದರ ಮೇಲಿಟ್ಟು ನಾಲ್ಕು ತೂತು ಗುರುತು ಮಾಡಿ, ಹಿಂಬದಿಯಿಂದ ವಾಷರ್ ಸಮೇತ ಬೋಲ್ಟು ತೂರಿಸಿದ. ಬೋಲ್ಟಿನ ತಲೆ ಹೂತುಕೊಳ್ಳುವಷ್ಟು ಗುಳಿ ಮೊದಲೇ ಮಾಡಿಕೊಂಡಿದ್ದ, ಇಲ್ಲದಿದ್ದರೆ ಪ್ಲೈವುಡ್ ಗೋಡೆಗೆ ಸಪಾಟಾಗಿ ಕೂರುವುದಿಲ್ಲ. ಆಮೇಲೆ ಪ್ಲೈವುಡ್ಡನ್ನು ಮೂರೂ ಕಂಬಗಳಿಗೆ ಸೇರುವಂತೆ ಇಟ್ಟು, ರಸಮಟ್ಟ ನೋಡಿ, ಕಂಬಕ್ಕೆ ನಾಲ್ಕರಂತೆ ಹನ್ನೆರಡು ಸ್ಕ್ರೂ ಹೊಡೆದ. ತಗಡು ಕೊರೆದುಕೊಂಡು ಹೋಗುವ ಸ್ಕ್ರೂಗಳು ಅವು. ನಾಲ್ಕು ಪ್ಲಗ್ಗುಗಳು ಅರ್ಧ ಇಂಚು ಸುಣ್ಣದಲ್ಲಿ ಹೊತ್ತಿದ್ದನ್ನು ಈಗ ಹನ್ನೆರಡು ಸ್ಕ್ರೂ ಮೂರು ಕಂಬಗಳಿಗೆ ಹಂಚಿಕೊಂಡವು. ಪ್ಲೈವುಡ್ಡಿಗೂ ಗೋಡೆಯದೇ ಬಣ್ಣ ಬಳಿದರು. ಬಹುಪಾಲು ಟೀವಿಯ ಹಿಂದೆ ಮರೆಯಾಗಿದೆ.

ಹಳೆಯ ಸ್ಟ್ಯಾಂಡನ್ನು ಮಾತ್ರ ಆತ ಮತ್ತೆ ಹಾಕಲು ಒಪ್ಪಲಿಲ್ಲ. ಪ್ಲೈವುಡ್ ಎಳೆತವನ್ನು ಹಂಚಬಲ್ಲದು, ಆದರೆ ಕೈ ಚಾಚಿ ತಿರುಗಿಸಿದಾಗೆಲ್ಲ ತೆಳು ಗೋಡೆ ಇಡಿಯಾಗಿ ತೊನೆಯುತ್ತದೆ, ಹಲಗೆಗಳ ಸೇರುವೆಯಲ್ಲಿ ಬಿರುಕು ಬಿಡುತ್ತದೆ ಎಂದ. ಬಾಗುವ ಸ್ಟ್ಯಾಂಡು ತರಿಸಿದ. ಅಜ್ಜಿ ಊಟದ ಮೇಜಿನ ಬದಿ ಬದಲಿಸಿ ಕೂತರು.

ಬಾಗುವ ಸ್ಟ್ಯಾಂಡೇ ಏಕೆ? ಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿ ಎತ್ತರದಲ್ಲಿರುತ್ತದೆ. ಟೀವಿಯ ನಡುಭಾಗವೂ ಅಷ್ಟರಲ್ಲೇ ಇದ್ದರೆ ಕತ್ತು ನೋಯುವುದಿಲ್ಲ, ಆಗ ಫಿಕ್ಸೆಡ್ ಸಾಕು. ಇವರ ಮನೆಯಲ್ಲಿ ಕೆಳಗೆ ಪುಸ್ತಕದ ಕಪಾಟು ಇದ್ದದ್ದರಿಂದ ಟೀವಿ ಒಂದು ಅಡಿ ಮೇಲಕ್ಕೆ ಹೋಗಬೇಕಾಯಿತು. ಎಂಟು ಅಡಿ ದೂರದಿಂದ ನೋಡುವವರಿಗೆ ಅದು ಏಳು ಡಿಗ್ರಿಯಷ್ಟು ಮೇಲೆ. ಅಷ್ಟೇ ಡಿಗ್ರಿ ಕೆಳಕ್ಕೆ ಬಗ್ಗಿಸಿದರೆ ಪರದೆ ನೇರ ಮುಖಕ್ಕೆ ಬರುತ್ತದೆ, ಟ್ಯೂಬ್‌ಲೈಟಿನ ಪ್ರತಿಬಿಂಬವೂ ತಪ್ಪುತ್ತದೆ. ಆದರೂ ತೀರ ಮೇಲೆ, ಬಾಗಿಲ ತಲೆಯ ಎತ್ತರಕ್ಕೆ ಹಾಕಿಸಿ ಬಗ್ಗಿಸಿಕೊಂಡರಾಯಿತು ಎನ್ನುವುದು ನನಗೆ ಸರಿಕಾಣದು. ಟೀವಿ ಬಗ್ಗುತ್ತದೆ, ನಮ್ಮ ಕತ್ತು ನೆಟ್ಟಗಾಗುವುದಿಲ್ಲ.

ಹೊಸದಾಗಿ ಪಾರ್ಟಿಷನ್ ಹಾಕಿಸುವವರಿಗೆ ಇಷ್ಟೆಲ್ಲ ಪಾಡು ಬೇಡ. ಒಂದು ಕಡೆಯ ಹಲಗೆ ಮುಚ್ಚುವ ಮೊದಲೇ ಟೀವಿ ಬರುವ ಜಾಗದಲ್ಲಿ ಕಂಬದಿಂದ ಕಂಬಕ್ಕೆ ಪ್ಲೈವುಡ್ ಕೂರಿಸಲು ಹೇಳಿ. ಮುಚ್ಚುವ ಮೊದಲು ಅಳತೆಯ ಟೇಪು ಹಿಡಿದು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಬಣ್ಣ ಬಳಿದ ಮೇಲೆ ಪ್ಲೈವುಡ್ ಎಲ್ಲಿದೆ ಎಂದು ಹಾಕಿದವನಿಗೂ ನೆನಪಿರುವುದಿಲ್ಲ.

ಟೀವಿಯ ಬೆನ್ನಿನ ಕಡೆಯದು ಸುಲಭ. ಹಿಂಭಾಗದಲ್ಲಿ ಚೌಕವಾಗಿ ನಾಲ್ಕು ತೂತು ಇರುತ್ತವೆ. ಅವುಗಳ ನಡುವಿನ ಅಂತರ ಅಳೆದುಕೊಂಡು ಅಂಗಡಿಗೆ ಹೋದರೆ ಹೊಂದುವ ಸ್ಟ್ಯಾಂಡು ಸಿಗುತ್ತದೆ. ಅಲ್ಲಿಗೆ ಟೀವಿಯವರು ಹೇಳಿದ್ದಕ್ಕಿಂತ ಉದ್ದದ ಸ್ಕ್ರೂ ಹಾಕಬಾರದು, ಒಳಗಿನ ಭಾಗಗಳಿಗೆ ಚುಚ್ಚುತ್ತದೆ. ಫಿಕ್ಸೆಡ್, ಟಿಲ್ಟ್ ಸ್ಟ್ಯಾಂಡುಗಳಲ್ಲಿ ಟೀವಿಯನ್ನು ನೇತುಹಾಕಿದ ಮೇಲೆ ಕೆಳಗಿನಿಂದ ಬಿಗಿಯುವ ಸಣ್ಣ ಸ್ಕ್ರೂಗಳೋ ಚಿಲಕವೋ ಇರುತ್ತದೆ. ಎಷ್ಟೋ ಕೆಲಸಗಾರರು ಅದನ್ನು ಬಿಗಿಯದೆ ಡಬ್ಬಿಯಲ್ಲೇ ಬಿಟ್ಟು ಹೋಗುತ್ತಾರೆ. ಆಗ ಕೆಳಗಿನಿಂದ ಪೊರಕೆಯ ಹಿಡಿ ತಗುಲಿದರೂ ಟೀವಿ ಕೊಂಡಿಯಿಂದ ಜಾರಬಹುದು. ಕೆಲಸಗಾರ ಹೊರಡುವ ಮುನ್ನ ಡಬ್ಬಿಯಲ್ಲಿ ಏನು ಉಳಿದಿದೆ ಎಂದು ನೋಡಿ, ಉಳಿದದ್ದು ಏಕೆ ಉಳಿಯಿತು ಎಂದು ಕೇಳಿ. ಚಹಾ ಕೊಟ್ಟು ಕೇಳಿದರೆ ಬೇಸರಿಸದೆ ಹೇಳುತ್ತಾರೆ.

ಆಯುಧಪೂಜೆಗೆ ಮನೆಯ ಧೂಳು ಹೊಡೆಯುವಾಗ ಮೊಮ್ಮಕ್ಕಳ ಕೈಗೆ ಒಂದು ಹಳೆಯ ವಿಸಿಟಿಂಗ್ ಕಾರ್ಡು ಕೊಡಿ, ನೀವು ಟೀವಿ ಹಿಡಿದುಕೊಳ್ಳಿ. ಪಟ್ಟಿಯ ಮೇಲಿನ ಅಂಚಿನಲ್ಲಿ ಕಾರ್ಡು ಇಳಿಯುತ್ತದೆಯೇ, ಸ್ಕ್ರೂವಿನ ಸುತ್ತ ಗಿಲಾವು ಕೂದಲೆಳೆಯಷ್ಟಾದರೂ ಬಿರಿದಿದೆಯೇ, ನೆಲದ ಮೇಲೆ ಪುಡಿ ಇದೆಯೇ, ಇದ್ದರೆ ಕೆಂಪೋ ಬಿಳಿಯೋ ಎಂದು ಅವರೇ ನೋಡಿ ಹೇಳುತ್ತಾರೆ. ಕಾರ್ಡು ಇಳಿದರೆ ಸ್ಕ್ರೂವನ್ನು ಇನ್ನಷ್ಟು ಬಿಗಿಯಲು ಹೋಗಬೇಡಿ. ಟೀವಿಯನ್ನು ಮೊದಲು ಕೆಳಗಿಳಿಸಿ.